ಎಬಿಎಸ್, ಸಿಬಿಎಸ್: ಹಳೆಯ ಬೈಕಿನಿಂದ ಹೊಸ ಬೈಕಿಗೆ ಬರುವ ಸವಾರ ತಿಳಿಯಬೇಕಾದದ್ದು

ಕಾರ್ಕಳದಿಂದ ಬೈಲೂರು, ಹಿರಿಯಡಕ, ಪರ್ಕಳದ ಮೂಲಕ ಮಣಿಪಾಲಕ್ಕೂ, ಕಾಪುವಿನಿಂದ ಕಟಪಾಡಿ, ಉದ್ಯಾವರದ ಮೂಲಕ ಉಡುಪಿಗೂ ನಿತ್ಯ ಬೈಕಿನಲ್ಲಿ ಓಡಾಡುವವರು ಅನೇಕರು. ಇವರಲ್ಲಿ ಬಹಳಷ್ಟು ಮಂದಿ ಸವಾರಿ ಕಲಿತದ್ದು ಎರಡೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವ 100 ಸಿಸಿ ಬೈಕಿನಲ್ಲಿ. ಅದನ್ನು ಮಾರಿ ಹೊಸ ಬೈಕು ಕೊಂಡಾಗ ಅದರ ಮೇಲೆ ಎಬಿಎಸ್ ಅಥವಾ ಸಿಬಿಎಸ್ ಎಂಬ ಅಕ್ಷರಗಳು ಇದ್ದೇ ಇರುತ್ತವೆ. ಕೇಂದ್ರ ಸರಕಾರದ ನಿಯಮದಂತೆ 2018ರ ಏಪ್ರಿಲ್ 1ರಿಂದ ಹೊಸ ಮಾದರಿಗಳಿಗೂ, 2019ರ ಏಪ್ರಿಲ್ 1ರಿಂದ ಮೊದಲೇ ಮಾರುಕಟ್ಟೆಯಲ್ಲಿದ್ದ ಮಾದರಿಗಳಿಗೂ ಈ ವ್ಯವಸ್ಥೆ ಕಡ್ಡಾಯವಾಯಿತು. 125 ಸಿಸಿಗಿಂತ ಮೇಲಿನ ದ್ವಿಚಕ್ರ ವಾಹನಕ್ಕೆ ಎಬಿಎಸ್, ಅಲ್ಲಿಯವರೆಗಿನದಕ್ಕೆ ಸಿಬಿಎಸ್ ಅಥವಾ ಎಬಿಎಸ್ ಎಂಬುದು ಆ ನಿಯಮ.

ಈ ಎರಡು ವ್ಯವಸ್ಥೆಗಳು ಒಂದೇ ಕೆಲಸ ಮಾಡುತ್ತವೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಒಂದು ಸವಾರ ಬಳಸದೆ ಬಿಟ್ಟ ಬ್ರೇಕನ್ನು ಬಳಸುವಂತೆ ಮಾಡುತ್ತದೆ. ಇನ್ನೊಂದು ಸವಾರ ಅತಿಯಾಗಿ ಹಿಡಿದ ಬ್ರೇಕನ್ನು ಸಡಿಲಿಸುತ್ತದೆ. ಈ ವ್ಯತ್ಯಾಸ ಅರಿಯದೆ ಹಳೆಯ ಅಭ್ಯಾಸದಲ್ಲೇ ಹೊಸ ಬೈಕು ಓಡಿಸಿದರೆ ಮಳೆಗಾಲದಲ್ಲಿ ಅದರ ಪೂರ್ಣ ಪ್ರಯೋಜನ ದೊರೆಯುವುದಿಲ್ಲ.

ಹಿಂಬದಿ ಬ್ರೇಕಿನ ಅಭ್ಯಾಸ

ಬೈಕು ನಿಧಾನವಾಗುವಾಗ ಅದರ ಭಾರ ಮುಂದಕ್ಕೆ ಸರಿಯುತ್ತದೆ. ಮುಂಬದಿ ಟಯರು ರಸ್ತೆಗೆ ಬಲವಾಗಿ ಒತ್ತಿಕೊಳ್ಳುತ್ತದೆ, ಹಿಂಬದಿ ಟಯರು ಹಗುರವಾಗುತ್ತದೆ. ಆದುದರಿಂದ ಬೈಕನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಮುಂಬದಿ ಬ್ರೇಕಿನಲ್ಲಿಯೇ. ಆದರೆ ಮುಂದಿನ ಬ್ರೇಕು ಹಿಡಿದರೆ ಬೀಳುವುದು ಖಂಡಿತ ಎಂಬ ಭಯದಿಂದ ಕಾಲಿನ ಬ್ರೇಕನ್ನೇ ನೆಚ್ಚಿಕೊಂಡವರು ನಮ್ಮಲ್ಲಿ ಕಡಿಮೆಯೇನಲ್ಲ.

ಒಂದು ಲೆಕ್ಕದಿಂದ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಎದುರಿಗೆ ದನವೊಂದು ಅಡ್ಡ ಬಂದುದನ್ನು ಕಂಡು ಬ್ರೇಕು ಹಿಡಿಯಲು ಸವಾರನಿಗೆ ಒಂದು ಸೆಕೆಂಡು ಬೇಕಾಯಿತು ಎಂದಿಟ್ಟುಕೊಳ್ಳೋಣ. ಅಷ್ಟರಲ್ಲೇ 14 ಮೀಟರ್ ಕಳೆಯಿತು. ಒದ್ದೆಯಾದ ಸಮತಟ್ಟು ರಸ್ತೆಯಲ್ಲಿ ಎರಡೂ ಬ್ರೇಕು ಚೆನ್ನಾಗಿ ಬಳಸಿದಾಗ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 5 ಮೀಟರಿನಂತೆ ಇಳಿಯುತ್ತದೆ, ಹಿಂಬದಿ ಬ್ರೇಕು ಮಾತ್ರ ಬಳಸಿದಾಗ 3 ಮೀಟರಿನಂತೆ ಇಳಿಯುತ್ತದೆ ಎಂದು ಭಾವಿಸಿದರೆ, ಮೊದಲನೆಯ ಬೈಕು ಬ್ರೇಕು ಹಿಡಿದ ಮೇಲೆ 19 ಮೀಟರಿನಲ್ಲಿ, ಎರಡನೆಯದು 32 ಮೀಟರಿನಲ್ಲಿ ನಿಲ್ಲುತ್ತದೆ. ಯೋಚಿಸುವ ಸಮಯವನ್ನೂ ಸೇರಿಸಿದರೆ 33 ಮೀಟರಿಗೆ ಪ್ರತಿಯಾಗಿ 46 ಮೀಟರ್.

ಈಗ ಅದೇ ಬೈಕು ಮಣಿಪಾಲದಿಂದ ಇಂದ್ರಾಳಿಯ ಕಡೆಗೆ ಇಳಿಯುತ್ತಿದೆ ಎಂದುಕೊಳ್ಳೋಣ. ಇಳಿಜಾರು 100 ಮೀಟರಿಗೆ 5 ಮೀಟರಿನಷ್ಟು ಎಂದು ಹಿಡಿದರೆ, ಎರಡು ಬ್ರೇಕು ಬಳಸಿದವನಿಗೆ ಬೇಕಾದ ಒಟ್ಟು ದೂರ 33ರಿಂದ 35 ಮೀಟರಿಗೆ ಮಾತ್ರ ಏರುತ್ತದೆ. ಹಿಂಬದಿ ಬ್ರೇಕನ್ನೇ ನಂಬಿದವನಿಗೆ 46 ಇದ್ದದ್ದು ಸುಮಾರು 52 ಆಗುತ್ತದೆ. ಇಳಿಜಾರು ದುರ್ಬಲ ಬ್ರೇಕಿಗೇ ಹೆಚ್ಚು ದಂಡ ವಿಧಿಸುತ್ತದೆ.

ಸಿಬಿಎಸ್ ಮಾಡುವ ಕೆಲಸ

ಸಿಬಿಎಸ್ ಎಂದರೆ ಜೋಡಿ ಬ್ರೇಕು. ಬೈಕಿನಲ್ಲಿ ಕಾಲಿನ ಪೆಡಲ್ ಒತ್ತಿದಾಗ, ಸ್ಕೂಟರಿನಲ್ಲಿ ಎಡಗೈಯ ಲಿವರ್ ಹಿಡಿದಾಗ ಹಿಂಬದಿ ಬ್ರೇಕಿನ ಜೊತೆಗೆ ಮುಂಬದಿ ಬ್ರೇಕೂ ಸ್ವಲ್ಪ ಮಟ್ಟಿಗೆ ಹಿಡಿಯುತ್ತದೆ. ಹೋಂಡಾ ಕಂಪೆನಿ 2009ರಲ್ಲಿ ತನ್ನ ಆಕ್ಟಿವಾ ಸ್ಕೂಟರಿನಲ್ಲಿ ಇದನ್ನು ಅಳವಡಿಸಿದ ಬಳಿಕ ಜನಸಾಮಾನ್ಯರಿಗೆ ಇದರ ಪರಿಚಯವಾಯಿತು. ಕಡಿಮೆ ಬೆಲೆಯ ಮಾದರಿಗಳಲ್ಲಿ ಎರಡು ಕೇಬಲ್‌ಗಳನ್ನು ಎಳೆಯುವ ಒಂದು ಸಣ್ಣ ಜೋಡಣೆಯೇ ಈ ವ್ಯವಸ್ಥೆ. ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ.

ಮೇಲಿನ ಲೆಕ್ಕದ ಎರಡನೆಯ ಸವಾರನಿಗೆ ಇದು ನಿಜವಾದ ಉಪಕಾರ. ಆತನ ಭಯವನ್ನು ಲೆಕ್ಕಿಸದೆ ಮುಂಬದಿ ಬ್ರೇಕನ್ನು ಕೆಲಸಕ್ಕೆ ಹಚ್ಚುತ್ತದೆ. ಆದರೆ ಬಲಗೈಯ ಲಿವರ್ ಮುಂಬದಿ ಬ್ರೇಕನ್ನು ಮಾತ್ರ ಹಿಡಿಯುತ್ತದೆ. ಪೆಡಲಿನಿಂದ ಮುಂಬದಿಗೆ ಹೋಗುವುದು ಒಂದು ಪಾಲು ಅಷ್ಟೇ. ಪೂರ್ಣ ಶಕ್ತಿ ಬೇಕಾದಾಗ ಬಲಗೈಯ ಲಿವರನ್ನೂ ಹಿಡಿಯಲೇಬೇಕು. ಮುಖ್ಯವಾಗಿ, ಚಕ್ರ ಲಾಕ್ ಆಗುವುದನ್ನು ಸಿಬಿಎಸ್ ತಡೆಯುವುದಿಲ್ಲ. ಪೆಡಲನ್ನು ಬಲವಾಗಿ ತುಳಿದರೆ ಹಿಂಬದಿ ಚಕ್ರ ಹಿಂದಿನಂತೆಯೇ ಜಾರುತ್ತದೆ.

ಕೇಬಲ್ ಸಡಿಲವಾದರೆ ಜೋಡಿ ಬ್ರೇಕು ಹೆಸರಿಗೆ ಮಾತ್ರ ಉಳಿಯುತ್ತದೆ. ಇದನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಬೈಕನ್ನು ಮೇನ್ ಸ್ಟಾಂಡಿನಲ್ಲಿ ನಿಲ್ಲಿಸಿ, ಒಬ್ಬರು ಹಿಂಬದಿಯನ್ನು ಕೆಳಕ್ಕೆ ಒತ್ತಿ ಮುಂಬದಿ ಚಕ್ರವನ್ನು ನೆಲದಿಂದ ಎತ್ತಬೇಕು. ಇನ್ನೊಬ್ಬರು ಆ ಚಕ್ರವನ್ನು ಕೈಯಿಂದ ತಿರುಗಿಸಿ ಪೆಡಲನ್ನು ಒತ್ತಬೇಕು. ಚಕ್ರ ನಿಧಾನಿಸಿ ನಿಂತರೆ ವ್ಯವಸ್ಥೆ ಸರಿಯಿದೆ. ಏನೂ ಆಗದಂತೆ ತಿರುಗುತ್ತಲೇ ಇದ್ದರೆ ಹೊಂದಾಣಿಕೆ ತಪ್ಪಿದೆ.

ಎಬಿಎಸ್ ಹೇಗೆ ಭಿನ್ನ?

ಉರುಳುತ್ತಿರುವ ಟಯರು ರಸ್ತೆಯನ್ನು ಹಿಡಿದಿರುತ್ತದೆ. ಚಕ್ರ ಲಾಕ್ ಆದೊಡನೆ ಟಯರು ಜಾರತೊಡಗುತ್ತದೆ, ಹಿಡಿತ ಕುಗ್ಗುತ್ತದೆ, ಹ್ಯಾಂಡಲ್ ತಿರುಗಿಸಿದರೂ ಬೈಕು ಮಾತು ಕೇಳುವುದಿಲ್ಲ. ಹಿಂಬದಿ ಚಕ್ರ ಜಾರಿದರೆ ಕೆಲವೊಮ್ಮೆ ಸಾವರಿಸಿಕೊಳ್ಳಬಹುದು. ಮುಂಬದಿ ಚಕ್ರ ಜಾರಿದರೆ ಅದಕ್ಕೆ ಸಮಯವೇ ಇರುವುದಿಲ್ಲ. ಮುಂಬದಿ ಬ್ರೇಕಿನ ಕುರಿತ ಭಯಕ್ಕೆ ಮೂಲ ಇದೇ. ಎಬಿಎಸ್ ಹುಟ್ಟಿದ್ದು ಈ ಭಯದ ಕಾರಣವನ್ನು ನಿವಾರಿಸಲು. 1988ರಲ್ಲಿ ಬಿಎಂಡಬ್ಲ್ಯು ಕಂಪೆನಿಯ ಬೈಕಿನಲ್ಲಿ ಮೊದಲಿಗೆ ಬಂದ ಈ ತಂತ್ರಜ್ಞಾನವನ್ನು ಭಾರತದಲ್ಲಿ ಟಿವಿಎಸ್ ಕಂಪೆನಿ 2011ರಲ್ಲಿ ತನ್ನ ಅಪಾಚೆ ಆರ್‌ಟಿಆರ್ 180 ಬೈಕಿಗೆ ತಂದಿತು.

ಚಕ್ರದ ಬಳಿ ಹಲ್ಲುಗಳುಳ್ಳ ಅಥವಾ ತೂತುಗಳುಳ್ಳ ಲೋಹದ ಬಳೆಯೊಂದಿರುತ್ತದೆ. ಪಕ್ಕದ ಸೆನ್ಸರ್ ಅದನ್ನು ಗಮನಿಸುತ್ತ ಚಕ್ರದ ವೇಗವನ್ನು ನಿಯಂತ್ರಕ ಘಟಕಕ್ಕೆ ತಿಳಿಸುತ್ತದೆ. ಚಕ್ರದ ವೇಗ ಹಠಾತ್ತನೆ ಕುಸಿದರೆ ಅದು ಲಾಕ್ ಆಗಲಿದೆ ಎಂದರ್ಥ. ಕೂಡಲೆ ಘಟಕವು ಬ್ರೇಕ್ ಆಯಿಲಿನ ಒತ್ತಡ ಏರದಂತೆ ತಡೆಯುತ್ತದೆ. ಅದೂ ಸಾಲದಿದ್ದರೆ ಒತ್ತಡವನ್ನು ಇಳಿಸುತ್ತದೆ. ಚಕ್ರ ಮತ್ತೆ ಉರುಳತೊಡಗಿದಾಗ ಒತ್ತಡವನ್ನು ಮರಳಿ ಕೊಡುತ್ತದೆ. ಈ ಚಕ್ರ ಒಂದು ಸೆಕೆಂಡಿನಲ್ಲಿ ಹಲವು ಬಾರಿ ನಡೆಯುತ್ತದೆ. ಸವಾರನಿಗೆ ಅದು ಲಿವರಿನಲ್ಲಿ ಮಿಡಿತದಂತೆ ಅನುಭವಕ್ಕೆ ಬರುತ್ತದೆ.

ಹಳೆಯ ಬೈಕಿನ ಸವಾರ ಎಡವುವುದು ಇಲ್ಲಿಯೇ. ಲಿವರ್ ನಡುಗಿದೊಡನೆ ಏನೋ ಕೆಟ್ಟಿತೆಂದು ಆತ ಕೈ ಸಡಿಲಿಸುತ್ತಾನೆ. ಇಲ್ಲವೇ ಹಿಂದೆ ಕಲಿತಂತೆ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಾನೆ. ಎರಡರಿಂದಲೂ ನಿಲ್ಲುವ ದೂರ ಹೆಚ್ಚುತ್ತದೆ. ಎಬಿಎಸ್ ಇರುವ ಬೈಕಿನಲ್ಲಿ ತುರ್ತು ಸಂದರ್ಭದಲ್ಲಿ ಲಿವರನ್ನು ಒಂದೇ ಸಮನೆ ಬಲವಾಗಿ ಹಿಡಿದು, ಬೈಕು ನಿಲ್ಲುವ ತನಕ ಬಿಡಬಾರದು. ಖಾಲಿ ಮೈದಾನದಲ್ಲೋ ವಾಹನವಿಲ್ಲದ ನೇರ ರಸ್ತೆಯಲ್ಲೋ 30 ಕಿ.ಮೀ. ವೇಗದಲ್ಲಿ ನಾಲ್ಕಾರು ಬಾರಿ ಅಭ್ಯಾಸ ಮಾಡಿ ಆ ಮಿಡಿತದ ಪರಿಚಯ ಮಾಡಿಕೊಂಡರೆ, ಮುಂದೆ ಅಗತ್ಯ ಬಿದ್ದಾಗ ಕೈ ಗಾಬರಿಯಾಗುವುದಿಲ್ಲ.

ಒಂದು ಚಾನಲ್, ಎರಡು ಚಾನಲ್

ಸಿಂಗಲ್ ಚಾನಲ್ ಎಬಿಎಸ್ ಮುಂಬದಿ ಚಕ್ರವನ್ನು ಮಾತ್ರ ಕಾಯುತ್ತದೆ. ಹಿಂಬದಿ ಬ್ರೇಕು ಹಳೆಯ ಬೈಕಿನಂತೆಯೇ ಇರುತ್ತದೆ. ಡ್ಯುಯಲ್ ಚಾನಲ್ ಎರಡು ಚಕ್ರಗಳನ್ನೂ ಕಾಯುತ್ತದೆ. ಸಿಂಗಲ್ ಚಾನಲ್ ಬೈಕು ಕೊಂಡವರು ಬಲಗೈಯನ್ನು ಧೈರ್ಯದಿಂದ, ಕಾಲನ್ನು ಹಿಂದಿನ ಎಚ್ಚರದಿಂದಲೇ ಬಳಸಬೇಕು. ಕಾಲಿನಿಂದ ಜೋರಾಗಿ ತುಳಿದು ಹಿಂಬದಿ ಜಾರಿದರೆ ಅದು ಎಬಿಎಸ್‌ನ ದೋಷವಲ್ಲ.

ಕರಾವಳಿಯ ರಸ್ತೆಯಲ್ಲಿ ಇತಿಮಿತಿ

ಎಬಿಎಸ್ ರಸ್ತೆಯಲ್ಲಿಲ್ಲದ ಹಿಡಿತವನ್ನು ಹುಟ್ಟಿಸಲಾರದು. ಕಾಪು ಕಡಲತೀರದ ದಾರಿಗೆ ಹರಡಿದ ಮರಳಿನ ಮೇಲೆ, ಮಳೆನೀರು ತಂದು ಹಾಕಿದ ಮುರಕಲ್ಲಿನ ಚರಲಿನ ಮೇಲೆ ಎಬಿಎಸ್ ಬೈಕು ನಿಲ್ಲಲು ಕೆಲವೊಮ್ಮೆ ಹೆಚ್ಚೇ ದೂರ ಬೇಕಾಗುತ್ತದೆ. ಬೀಳದೆ ನಿಲ್ಲುವುದಷ್ಟೇ ಅಲ್ಲಿಯ ಲಾಭ. ತಿರುವಿನಲ್ಲಿ ಬೈಕು ವಾಲಿರುವಾಗಲೂ ಸಾಮಾನ್ಯ ಎಬಿಎಸ್ ಭರವಸೆ ನೀಡದು; ಟಯರಿನ ಹಿಡಿತದ ಬಹುಪಾಲು ಆಗ ತಿರುಗುವುದಕ್ಕೇ ವ್ಯಯವಾಗಿರುತ್ತದೆ. ಕಾರ್ಕಳದ ಕಡೆಯ ತಿರುವುಗಳಲ್ಲಿ ವೇಗವನ್ನು ತಿರುವಿಗೆ ಮೊದಲೇ, ಬೈಕು ನೇರವಾಗಿರುವಾಗಲೇ ಇಳಿಸಬೇಕು ಎಂಬ ಹಳೆಯ ಪಾಠ ಹೊಸ ಬೈಕಿಗೂ ಅನ್ವಯಿಸುತ್ತದೆ.

ದೀಪ ಏನು ಹೇಳುತ್ತದೆ?

ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಉರಿಯಬೇಕು. ಬೈಕು ಹೊರಟು ನಡಿಗೆಗಿಂತ ತುಸು ಹೆಚ್ಚಿನ ವೇಗ ತಲುಪಿದಾಗ ಆರಬೇಕು. ನಿಂತಿರುವಾಗ ಆರದಿರುವುದು ದೋಷವಲ್ಲ. ಚಕ್ರ ತಿರುಗದೆ ಸೆನ್ಸರನ್ನು ಪರೀಕ್ಷಿಸಲು ಆಗುವುದಿಲ್ಲ. ಓಡುವಾಗಲೂ ಉರಿಯುತ್ತಲೇ ಇದ್ದರೆ ಎಬಿಎಸ್ ಕೆಲಸ ನಿಲ್ಲಿಸಿದೆ, ಬ್ರೇಕು ಮಾತ್ರ ಸಾಮಾನ್ಯ ಬ್ರೇಕಿನಂತೆ ಹಿಡಿಯುತ್ತದೆ ಎಂದು ತಿಳಿಯಬೇಕು. ಕೀಲಿ ತಿರುಗಿಸಿದಾಗ ದೀಪ ಉರಿಯದೇ ಇರುವುದೂ ಪರಿಶೀಲಿಸಬೇಕಾದ ವಿಷಯವೇ. ಹಳೆಯ ಎಬಿಎಸ್ ಬೈಕು ಕೊಳ್ಳುವವರು ಇದನ್ನು ಮರೆಯಬಾರದು.

ದೀಪ ಉರಿಯಲು ಕಾರಣ ಹಲವು ಬಾರಿ ಚಿಕ್ಕದಾಗಿರುತ್ತದೆ: ಸೆನ್ಸರಿಗೆ ಮೆತ್ತಿದ ಕೆಸರು, ಸುಟ್ಟ ಫ್ಯೂಸ್, ತುಕ್ಕು ಹಿಡಿದ ವಯರಿನ ಜೋಡಣೆ. ಪಂಕ್ಚರಿಗೆಂದು ಚಕ್ರ ಬಿಚ್ಚಿ ಮತ್ತೆ ಹಾಕುವಾಗ ಹಲ್ಲಿನ ಬಳೆ ಬಾಗಿದರೂ ಸೆನ್ಸರ್ ಸರಿದರೂ ದೀಪ ಹತ್ತುತ್ತದೆ. ಆದುದರಿಂದ ಪಂಕ್ಚರ್ ಅಂಗಡಿಯಿಂದ ಹೊರಟ ಮೊದಲ ನೂರು ಮೀಟರಿನಲ್ಲಿ ದೀಪ ಆರಿತೇ ಎಂದು ನೋಡುವುದು ಒಳ್ಳೆಯದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷದ ಬಹುಕಾಲ ತೇವಾಂಶವಿರುವ ಕರಾವಳಿಯಲ್ಲಿ, ಕಡಿಮೆ ಓಡಿದ ಬೈಕಿಗೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಯಾವ ದರ್ಜೆಯದು ಎಂಬುದು ಆಯಿಲ್ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಇದನ್ನೆಲ್ಲ ಮುಂಗಾರು ಆರಂಭವಾಗುವ ಮೊದಲು, ಮೇ ತಿಂಗಳಿನಲ್ಲೇ ಮುಗಿಸಿಕೊಳ್ಳುವುದು ಸೂಕ್ತ.