ಯೂರಿಯಾದ ಪ್ರಮಾಣ ಮತ್ತು ಕ್ರೀಮಿನ ಹದ: ಕೈ-ಕಾಲಿನ ಲೇಪಗಳಲ್ಲಿ ಶೇಕಡಾವಾರು ಸಂಖ್ಯೆಯ ಅರ್ಥ

ಎಲೆಗೆ ಸಿಂಪಡಿಸಲೆಂದು ಯೂರಿಯಾವನ್ನು ಬಕೆಟ್ಟಿನ ನೀರಿಗೆ ಸುರಿದು ಕದಡಿದ ರೈತನಿಗೆ ಎರಡು ಸಂಗತಿ ಗೊತ್ತಿರುತ್ತವೆ. ಕಾಳು ಬಲು ಬೇಗ ಕರಗುತ್ತದೆ, ಕರಗುವಾಗ ಬಕೆಟ್ಟು ಕೈಗೆ ತಣ್ಣಗೆ ತಾಗುತ್ತದೆ. ಕೈ-ಕಾಲಿಗೆ ಹಚ್ಚುವ ಯೂರಿಯಾ ಕ್ರೀಮಿನ ಹದ ಕೆಡುವುದೂ ಕೂಡುವುದೂ ಹೆಚ್ಚಾಗಿ ಈ ಎರಡು ಗುಣಗಳಿಂದಲೇ. ಕ್ರೀಮಿನ ಯೂರಿಯಾ ಮತ್ತು ಹೊಲದ ಯೂರಿಯಾ ರಾಸಾಯನಿಕವಾಗಿ ಒಂದೇ ಅಣು, CO(NH₂)₂. ಹಾಗೆಂದು ಚೀಲದ ಗೊಬ್ಬರವನ್ನು ಹಿಮ್ಮಡಿಗೆ ಹಚ್ಚುವಂತಿಲ್ಲ. ಅದರಲ್ಲಿ ಬೈಯುರೆಟ್ ಎಂಬ ಕಲ್ಮಶ ಇರುತ್ತದೆ, 2015ರಿಂದ ನಮ್ಮ ದೇಶದಲ್ಲಿ ಅದಕ್ಕೆ ಬೇವಿನ ಲೇಪವೂ ಕಡ್ಡಾಯವಾಗಿದೆ.

ಔಷಧಿ ಅಂಗಡಿಯಲ್ಲಿ ಈ ಕ್ರೀಮುಗಳು ಶೇ 5, 10, 20, 25, 40 ಎಂಬ ಸಂಖ್ಯೆ ಹೊತ್ತು ನಿಂತಿರುತ್ತವೆ. ಸಂಖ್ಯೆ ಏರಿದಷ್ಟೂ ‘ಪವರ್’ ಹೆಚ್ಚು ಎಂದು ಕೊಳ್ಳುವವರು ಎಣಿಸುತ್ತಾರೆ. ಶೇ 10ರದ್ದು ಮತ್ತು ಶೇ 40ರದ್ದು ಒಂದೇ ಕೆಲಸವನ್ನು ಹೆಚ್ಚುಕಡಿಮೆ ಮಾಡುವ ಎರಡು ಕ್ರೀಮುಗಳಲ್ಲ, ಎರಡು ಬೇರೆ ಕೆಲಸಗಳನ್ನು ಮಾಡುವ ಕ್ರೀಮುಗಳು. ಇಷ್ಟು ಮಾತನ್ನು ಚರ್ಮವೈದ್ಯರು ಹೇಳುತ್ತಲೇ ಬಂದಿದ್ದಾರೆ. ಅದರ ಮೇಲೆ ನಾನು ಸೇರಿಸಬಯಸುವುದು ಒಂದೇ ಮಾತು: ಟ್ಯೂಬಿನ ಮೇಲಿನ ಶೇಕಡಾ ಇಡೀ ಕ್ರೀಮಿನ ತೂಕಕ್ಕೆ ಸಂಬಂಧಿಸಿದ್ದು, ಆದರೆ ಯೂರಿಯಾ ಇರುವುದು ಕ್ರೀಮಿನ ನೀರಿನಲ್ಲಿ ಮಾತ್ರ. ಎಣ್ಣೆ, ಮೇಣಗಳಲ್ಲಿ ಅದು ಕರಗದು. ಹಾಗಾಗಿ ಚರ್ಮ ಎದುರಿಸುವ ಸಾಂದ್ರತೆ ಟ್ಯೂಬಿನ ಸಂಖ್ಯೆಗಿಂತ ಯಾವಾಗಲೂ ಹೆಚ್ಚು.

ಲೆಕ್ಕ ಹಾಕಿ ನೋಡೋಣ. 100 ಗ್ರಾಂ ಕ್ರೀಮಿನಲ್ಲಿ 10 ಗ್ರಾಂ ಯೂರಿಯಾ, 70 ಗ್ರಾಂ ನೀರು, ಉಳಿದದ್ದು ಕೊಬ್ಬಿನಂಶ ಎಂದಿಟ್ಟುಕೊಳ್ಳಿ. ನೀರಿನ ಭಾಗದಲ್ಲಿ ಯೂರಿಯಾ ಶೇ 12.5, ಅಂದರೆ ಲೀಟರಿಗೆ ಸುಮಾರು 2 ಮೋಲ್. ಎರಡನೆಯದರಲ್ಲಿ 25 ಗ್ರಾಂ ಯೂರಿಯಾಕ್ಕೆ 50 ಗ್ರಾಂ ನೀರು. ಅಲ್ಲಿ ಅದು ಶೇ 33, ಸುಮಾರು 6 ಮೋಲ್. ಮೂರನೆಯದರಲ್ಲಿ 40ಕ್ಕೆ 40. ಅದು ನೇರ ಶೇ 50, 9 ಮೋಲ್‌ಗೂ ಮೇಲೆ. ಪ್ರಯೋಗಾಲಯದಲ್ಲಿ ಪ್ರೋಟೀನಿನ ಮಡಿಕೆಯನ್ನು ಬಿಚ್ಚಬೇಕಾದಾಗ ಜೀವರಸಾಯನಜ್ಞರು ಬಳಸುವುದು 8 ಮೋಲ್ ಯೂರಿಯಾ ದ್ರಾವಣವನ್ನು. ಮೊದಲ ಕ್ರೀಮು ಆ ಗಡಿಯಿಂದ ಬಹಳ ದೂರ, ಎರಡನೆಯದು ಹತ್ತಿರ, ಮೂರನೆಯದು ಅದನ್ನು ದಾಟಿದೆ. ಟ್ಯೂಬಿನ ಮೇಲೆ 10ರಿಂದ 40ಕ್ಕೆ ಏರಿದ್ದು ನಾಲ್ಕು ಪಟ್ಟು, ಚರ್ಮದ ಮುಂದೆ ಆದದ್ದು ಗುಣದ ಬದಲಾವಣೆ.

ಕಡಿಮೆ ಪ್ರಮಾಣದಲ್ಲಿ ಯೂರಿಯಾ ಚರ್ಮಕ್ಕೆ ಹೊರಗಿನದಲ್ಲ. ಚರ್ಮದ ತೀರ ಹೊರಗಿನ, ಸತ್ತ ಕೋಶಗಳ ಪದರವು ತನ್ನ ತೇವವನ್ನು ಹಿಡಿದಿಡಲು ಅಮೈನೊ ಆಮ್ಲ, ಲ್ಯಾಕ್ಟೇಟ್ ಮೊದಲಾದವುಗಳ ಒಂದು ಸಹಜ ಮಿಶ್ರಣವನ್ನು ಇಟ್ಟುಕೊಂಡಿರುತ್ತದೆ. ಅದರಲ್ಲಿ ಯೂರಿಯಾದ ಪಾಲು ಸುಮಾರು ಶೇ 7. ಒಣಚರ್ಮದಲ್ಲಿ ಈ ಪಾಲು ಕುಗ್ಗಿರುತ್ತದೆ, ಕ್ರೀಮು ಅದನ್ನು ತುಂಬಿಕೊಡುತ್ತದೆ. ಆಧುನಿಕ ಬಳಕೆಯ ಆರಂಭವನ್ನು ಸಾಮಾನ್ಯವಾಗಿ 1968ಕ್ಕೆ ಗುರುತಿಸುತ್ತಾರೆ. ಆ ವರ್ಷ ಸ್ವೀಡನ್ನಿನ ಗುನ್ನಾರ್ ಸ್ವಾನ್‌ಬೆಕ್ ಮೀನಿನ ಹುರುಪೆಯಂತೆ ಚರ್ಮ ಒಣಗುವ ಇಕ್ತಿಯೋಸಿಸ್ ರೋಗಕ್ಕೆ ಯೂರಿಯಾ ಕ್ರೀಮಿನ ಚಿಕಿತ್ಸೆಯನ್ನು ವರದಿ ಮಾಡಿದರು. ಯೂರಿಯಾ ನೀರನ್ನು ಎಳೆದುಕೊಳ್ಳುತ್ತದೆ ಎಂಬ ವಿವರಣೆ ಸರಿ, ಆದರೆ ಪೂರ್ತಿ ಅಲ್ಲ. ಲುಂಡ್ ವಿಶ್ವವಿದ್ಯಾಲಯದ ಎಮ್ಮಾ ಸ್ಪಾರ್ ಮತ್ತು ಸಂಗಡಿಗರು 2006ರಲ್ಲಿ ಕೊಬ್ಬಿನ ಪೊರೆಗಳ ಮೇಲೆ ನಡೆಸಿದ ಅಧ್ಯಯನ ಇನ್ನೊಂದು ದಾರಿ ತೋರಿಸಿತು. ಗಾಳಿ ಒಣಗಿ ನೀರು ಹೊರಟುಹೋದಾಗ ಯೂರಿಯಾ ಅಣು ನೀರಿನ ಜಾಗದಲ್ಲಿ ತಾನೇ ನಿಂತು, ಪೊರೆ ಗಡುಸಾಗದಂತೆ ನೋಡಿಕೊಳ್ಳಬಲ್ಲದು. 2012ರಲ್ಲಿ ಗ್ರೆಥರ್-ಬೆಕ್ ಮತ್ತಿತರರು ಸ್ವಯಂಸೇವಕರ ಚರ್ಮದ ಮೇಲೆ ಮಾಡಿದ ಪ್ರಯೋಗದಲ್ಲಿ, ಚರ್ಮದ ತಡೆಗೋಡೆಯನ್ನು ಕಟ್ಟುವ ಪ್ರೋಟೀನುಗಳ ಜೀನುಗಳೂ ಯೂರಿಯಾದಿಂದ ಚುರುಕಾದದ್ದು ಕಂಡಿತು. ಪಾತ್ರೆ ತೊಳೆದು ತೊಳೆದು ಒರಟಾದ ಕೈಗೆ ಬೇಕಾದದ್ದು ಈ ಕೆಲಸ. ಅದಕ್ಕೆ ಶೇ 5ರಿಂದ 10 ಸಾಕು.

ಪ್ರಮಾಣ 20 ದಾಟಿ ಮೇಲೇರಿದಂತೆ ಬೇರೊಂದು ಕೆಲಸ ಮೇಲುಗೈ ಪಡೆಯುತ್ತದೆ. ಸತ್ತ ಕೋಶಗಳೊಳಗಿನ ಕೆರಾಟಿನ್ ಎಳೆಗಳನ್ನು ಹಿಡಿದಿರುವ ಹೈಡ್ರೋಜನ್ ಬಂಧಗಳ ನಡುವೆ ಯೂರಿಯಾ ನುಸುಳಿ ಅವನ್ನು ಸಡಿಲಿಸುತ್ತದೆ. ಎಳೆಗಳ ನಡುವಿನ ಗಂಧಕದ ಬಂಧಗಳು ಮಾತ್ರ ಅದಕ್ಕೆ ಬಗ್ಗವು. ಆದ್ದರಿಂದ ಜಡ್ಡು ಸಕ್ಕರೆಯಂತೆ ಕರಗಿಹೋಗುವುದಿಲ್ಲ, ನೆನೆಹಾಕಿದ ತೊಗಲಿನಂತೆ ಮೆತ್ತಗಾಗಿ ಉಜ್ಜಿದರೆ ಬಿಡುತ್ತದೆ. ಶೇ 40ರ ಕೊನೆಯಲ್ಲಿ ಉಗುರಿಗೂ ಇದೇ ಗತಿ. 1978ರಲ್ಲಿ ಫಾರ್ಬರ್ ಮತ್ತು ಸೌತ್ ಶೇ 40ರ ಯೂರಿಯಾ ಮುಲಾಮು ಹಚ್ಚಿ ಪಟ್ಟಿ ಕಟ್ಟಿ, ಕೆಟ್ಟ ಉಗುರನ್ನು ಕತ್ತಿಯಿಲ್ಲದೆ ಬಿಡಿಸುವ ಕ್ರಮವನ್ನು ಪ್ರಕಟಿಸಿದ್ದರು.

ಇನ್ನು ಹದದ ಮಾತು. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 108 ಗ್ರಾಂ ಯೂರಿಯಾವನ್ನು ಕರಗಿಸಿಕೊಳ್ಳುತ್ತದೆ, 10 ಡಿಗ್ರಿಯಲ್ಲಿ ಸುಮಾರು 84 ಗ್ರಾಂ ಮಾತ್ರ. ನಮ್ಮ ಮೂರನೆಯ ಕ್ರೀಮಿನ 40 ಗ್ರಾಂ ನೀರು 20 ಡಿಗ್ರಿಯಲ್ಲಿ 43 ಗ್ರಾಂ ಹಿಡಿಯಬಲ್ಲದು. ಇರುವುದು 40, ಹೇಗೋ ನಿಭಾಯಿಸುತ್ತದೆ. ಅದೇ ಟ್ಯೂಬನ್ನು ಜನವರಿಯ ಬೆಳಗ್ಗೆ ಮಡಿಕೇರಿಯ ಬಚ್ಚಲಿನ ಕಿಟಕಿಯಲ್ಲಿ ಇಟ್ಟು, ಪಾದರಸ 10ಕ್ಕಿಳಿದರೆ, ನೀರಿಗೆ ಹಿಡಿಯಲು ಬರುವುದು ಸುಮಾರು 34 ಗ್ರಾಂ. ಉಳಿದ 6 ಗ್ರಾಂ ಸೂಜಿಯಂತಹ ಹರಳಾಗಿ ಹೊರಬೀಳಬೇಕು. ಬೇಸಿಗೆಯ ರಾಯಚೂರಿನಲ್ಲಿ ಅದೇ ಟ್ಯೂಬು ನುಣುಪಾಗಿಯೇ ಇರುತ್ತದೆ. ಎರಡನೆಯ ಕ್ರೀಮಿಗೆ ಈ ಭಯವಿಲ್ಲ. ಅದರ 50 ಗ್ರಾಂ ನೀರು 10 ಡಿಗ್ರಿಯಲ್ಲೂ 42 ಗ್ರಾಂ ಹಿಡಿಯುತ್ತದೆ, ಇರುವುದು 25. ಹಿಮ್ಮಡಿಯ ಕ್ರೀಮುಗಳಲ್ಲಿ ಶೇ 25ರ ಸುತ್ತಮುತ್ತಲಿನವು ಇಷ್ಟೊಂದು ಕಾಣಸಿಗುವುದಕ್ಕೆ ಔಷಧಗುಣದಷ್ಟೇ ಈ ನೆಮ್ಮದಿಯೂ ಕಾರಣವಿರಬಹುದೆಂದು ನನ್ನ ಊಹೆ.

ಕೆಲವು ತಯಾರಕರು ಶೇ 40ರಲ್ಲಿ ನೀರಿನ ಗೊಡವೆಯನ್ನೇ ಬಿಟ್ಟು, ನುಣ್ಣಗೆ ಅರೆದ ಯೂರಿಯಾ ಪುಡಿಯನ್ನು ಲ್ಯಾನೊಲಿನ್, ಮೇಣ, ಪೆಟ್ರೋಲಿಯಂ ಜೆಲ್ಲಿಯಲ್ಲಿ ಕಲಸುತ್ತಾರೆ. ಅಂಥ ಮುಲಾಮು ಬೆರಳಿಗೆ ನುಣ್ಣನೆಯ ರವೆಯಂತೆ ಸಿಗುತ್ತದೆ. ಅದು ದೋಷವಲ್ಲ. ಆದರೆ ಕರಗದ ಯೂರಿಯಾ ಏನೂ ಮಾಡದು, ಅದಕ್ಕೆ ಬೇಕಾದ ನೀರು ಚರ್ಮದಿಂದಲೇ ಬರಬೇಕು. ಉಗುರಿಗೆ ಹಚ್ಚಿ ಮೇಲೆ ಪಟ್ಟಿ ಕಟ್ಟುವುದು ಆ ತೇವ ಹಾರಿಹೋಗದಿರಲಿ ಎಂದೇ.

ತಯಾರಿಕೆಯಲ್ಲಿ ಬಕೆಟ್ಟು ತಣ್ಣಗಾಗುವ ಗುಣ ತೊಂದರೆ ಕೊಡುತ್ತದೆ. ಎಣ್ಣೆಯ ಭಾಗವನ್ನೂ ನೀರಿನ ಭಾಗವನ್ನೂ 70–75 ಡಿಗ್ರಿಗೆ ಕಾಯಿಸಿ ಕಡೆದು ಎಮಲ್ಷನ್ ಮಾಡುತ್ತಾರೆ. ಅಷ್ಟು ಬಿಸಿಯಲ್ಲಿ ಯೂರಿಯಾ ಹಾಕಿದರೆ ಅದು ಒಡೆಯುವುದು ಚುರುಕಾಗುತ್ತದೆ. ಆದ್ದರಿಂದ ತೆಗೆದಿರಿಸಿದ ನೀರಿನಲ್ಲಿ ಅದನ್ನು ಬೇರೆಯಾಗಿ ಕರಗಿಸಿ, ಎಮಲ್ಷನ್ 40ರ ಆಸುಪಾಸಿಗೆ ಇಳಿದ ಮೇಲೆ ಸೇರಿಸಬೇಕು. ಕರಗಿಸಿದ ತಕ್ಷಣ ಆ ದ್ರಾವಣ ಕೋಣೆಯ ಉಷ್ಣತೆಗಿಂತಲೂ ತಣ್ಣಗಿರುತ್ತದೆ. ಅವಸರಕ್ಕೆ ಹಾಗೆಯೇ ಸುರಿದರೆ ಇನ್ನೂ ಗಟ್ಟಿಯಾಗುತ್ತಿರುವ ಸೀಟೈಲ್ ಆಲ್ಕೊಹಾಲಿನಂತಹ ಮೇಣಗಳು ಒಮ್ಮೆಲೇ ಹೆಪ್ಪುಗಟ್ಟಿ ಗಂಟುಗಂಟಾಗುತ್ತವೆ. ದ್ರಾವಣವನ್ನೂ 40 ಡಿಗ್ರಿಗೆ ತಂದು ಸುರಿದರೆ ಈ ಪೀಡೆ ಇಲ್ಲ.

ಹೀಗೆ ಕ್ರೀಮಿನಲ್ಲಿ ಕಾಳು ಕಂಡರೆ ಅದು ಎರಡು ಮೂಲದ್ದಾಗಿರಬಹುದು. ಬೇರ್ಪಡಿಸುವುದು ಸುಲಭ. ಒಂದು ಕಾಳನ್ನು ಗಾಜಿನ ಮೇಲಿಟ್ಟು ಒಂದು ಹನಿ ನೀರು ಬಿಡಿ. ಕ್ಷಣದಲ್ಲಿ ಮಾಯವಾದರೆ ಯೂರಿಯಾ ಹರಳು, ಅಂದರೆ ನೀರು ಕಡಿಮೆ ಅಥವಾ ಚಳಿ ಹೆಚ್ಚು. ನೀರಿಗೆ ಜಗ್ಗದೆ ಉಳಿದು, ಉಜ್ಜಿದರೆ ಜಿಡ್ಡಾದರೆ ಅದು ಮೇಣ, ತಪ್ಪು ತಣಿಸಿದ ರೀತಿಯದು.

ಯೂರಿಯಾದ ಇನ್ನೊಂದು ಚಾಳಿ ನಿಧಾನದ್ದು. ನೀರಿನಲ್ಲಿ ಅದು ತಿಂಗಳುಗಟ್ಟಲೆ ಅಲ್ಪಸ್ವಲ್ಪವಾಗಿ ಒಡೆದು ಅಮೋನಿಯಾ ಬಿಡುತ್ತದೆ, ಪಿಎಚ್ ಮೇಲೇರುತ್ತದೆ. ಇದನ್ನು ತಡೆಯಲು ಲ್ಯಾಕ್ಟಿಕ್ ಆಮ್ಲ ಮತ್ತು ಲ್ಯಾಕ್ಟೇಟಿನ ಜೋಡಿ ಹಾಕಿ ಪಿಎಚ್ ಅನ್ನು 6ರ ಸುತ್ತ ಹಿಡಿದಿಡುತ್ತಾರೆ. ಮುಚ್ಚಳ ತೆಗೆದೊಡನೆ ಮೂಗಿಗೆ ಘಾಟು ಬಡಿದರೆ, ಪಿಎಚ್ ಕಾಗದ 8ರ ಕಡೆ ತಿರುಗಿದರೆ, ಆ ಟ್ಯೂಬನ್ನು ಎಸೆಯುವುದೇ ಸರಿ. ಯೂರಿಯಾ ಹೆಚ್ಚಿದ್ದಷ್ಟೂ ಈ ಹಿಡಿತಕ್ಕೆ ಹೆಚ್ಚು ಲವಣ ಬೇಕು, ಲವಣ ಹೆಚ್ಚಿದಂತೆ ಕಾರ್ಬೋಮರ್ ತರಹದ ಜೆಲ್ ದಪ್ಪಕಾರಿಗಳು ನೀರಾಗುತ್ತವೆ. ಶೇ 25ರ ಕ್ರೀಮುಗಳು ಹೆಚ್ಚಾಗಿ ಮೇಣದ ಬಲದ ಮೇಲೆ ನಿಂತು, ಭಾರವಾಗಿ, ಎಳೆದಂತೆ ಹರಡುವುದಕ್ಕೆ ಇದೂ ಒಂದು ಕಾರಣ. ಕೈಗೆ ಹಚ್ಚಿ ತಕ್ಷಣ ಫೋನ್ ಮುಟ್ಟಬೇಕಾದವರಿಗೆ ಅದು ಒಗ್ಗದು, ರಾತ್ರಿ ಕಾಲುಚೀಲದೊಳಗೆ ಅಡಗುವ ಹಿಮ್ಮಡಿಗೆ ಅಡ್ಡಿಯಿಲ್ಲ.

ಹಚ್ಚಿದ ಮೇಲೂ ಹದ ಬದಲಾಗುತ್ತಲೇ ಇರುತ್ತದೆ. ತೆಳು ಪದರದಿಂದ ನೀರು ಆರುತ್ತದೆ, ಸಾಂದ್ರತೆ ಏರುತ್ತದೆ. ಶುದ್ಧ ಯೂರಿಯಾ ಗಾಳಿಯ ತೇವ ಶೇ 70–75ಕ್ಕಿಂತ ಕೆಳಗಿದ್ದರೆ ದ್ರವವಾಗಿ ಉಳಿಯಲಾರದು. ಮಳೆಗಾಲದ ಮಂಗಳೂರಿನಲ್ಲಿ ಅಂಟಂಟಾಗುವ ಕ್ರೀಮು ಒಣಹವೆಯ ವಿಜಯಪುರದಲ್ಲಿ ಅಂಗೈ ಮೇಲೆ ಬಿಳಿ ಪುಡಿ ಬಿಡಬಹುದು. ಗ್ಲಿಸರಿನ್ ಹಾಗೆ ಹರಳುಗಟ್ಟುವುದಿಲ್ಲ. ಒಳ್ಳೆಯ ತಯಾರಿಕೆಗಳಲ್ಲಿ ಯೂರಿಯಾದ ಪಕ್ಕದಲ್ಲೇ ಅದೂ ಇರುವುದು ಬರಿಯ ತೇವಕ್ಕಲ್ಲ, ಈ ಪುಡಿಯನ್ನು ತಡೆಯುವುದಕ್ಕೂ.

ಒಂದು ಹಿಮ್ಮಡಿಯನ್ನು ಎದುರಿಟ್ಟುಕೊಂಡು ಇದನ್ನೆಲ್ಲ ಜೋಡಿಸೋಣ. ಬರಿಗಾಲಲ್ಲಿ ಸಿಮೆಂಟು ನೆಲದ ಮೇಲೆ ದಿನವಿಡೀ ನಿಲ್ಲುವ ಅಡುಗೆಯಾಕೆ. ಹಿಮ್ಮಡಿಯ ಅಂಚಿನುದ್ದಕ್ಕೂ ಹಳದಿ ಜಡ್ಡು, ಅದರಲ್ಲಿ ಮೂರು ಸೀಳು, ಒಂದರಲ್ಲಿ ರಕ್ತ. ಸೀಳು ಉಂಟಾಗಿರುವುದು ಒಣಗಿದ ಜಡ್ಡು ಮೈಭಾರಕ್ಕೆ ಬಾಗಲಾರದೆ ಒಡೆದದ್ದರಿಂದ. ಹಾಗೆಂದು ಮೊದಲ ದಿನವೇ ಶೇ 25 ಅಥವಾ 40 ಹಚ್ಚಿದರೆ, ತೆರೆದ ಸೀಳಿನೊಳಗೆ ಆ ಸಾಂದ್ರ ದ್ರಾವಣ ಉಪ್ಪು ಸವರಿದಂತೆ ಉರಿಯುತ್ತದೆ. ಎರಡೇ ದಿನಕ್ಕೆ ಆಕೆ ಟ್ಯೂಬನ್ನು ಮೂಲೆಗೆ ಹಾಕುತ್ತಾಳೆ. ಸರಿಯಾದ ಅನುಕ್ರಮ ಬೇರೆ. ರಕ್ತವಿರುವ ಸೀಳು ಮುಚ್ಚುವವರೆಗೆ ಅಲ್ಲಿ ಪೆಟ್ರೋಲಿಯಂ ಜೆಲ್ಲಿ ಮಾತ್ರ. ಆಮೇಲೆ ರಾತ್ರಿ ಕಾಲನ್ನು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಒರೆಸಿ, ಜಡ್ಡಿನ ಅಂಚಿಗೆ ಮಾತ್ರ ಶೇ 25. ಒಂದು ಪಾದಕ್ಕೆ 1 ಗ್ರಾಂ ಸಾಕು, ಅಂದರೆ ತೋರುಬೆರಳಿನ ತುದಿಯ ಗೆಣ್ಣಿನುದ್ದಕ್ಕೆ ಹಿಂಡಿದ ಎರಡು ಗೆರೆ. ಬೆಳಗ್ಗೆ ಮೆತ್ತಗಾದ ಪದರವನ್ನು ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ತೆಗೆಯಬೇಕು. ಬೆರಳುಸಂದಿಗೆ ತಾಗಿಸಬಾರದು, ಅಲ್ಲಿ ಚರ್ಮ ತೆಳು, ತೇವ ಜಾಸ್ತಿ.

ಸಾಕು ಎಂಬುದನ್ನು ಚರ್ಮವೇ ತೋರಿಸುತ್ತದೆ. ಜಡ್ಡಿನ ಆಚೆಯ ಚರ್ಮವೂ ಬೆಳಗ್ಗೆ ಬೆಳ್ಳಗೆ ಊದಿ, ಬಹಳ ಹೊತ್ತು ಬಟ್ಟೆ ಒಗೆದ ಬೆರಳಿನಂತೆ ಸುಕ್ಕುಗಟ್ಟಿದ್ದರೆ ಅತಿಯಾಯಿತು. ಒಂದೆರಡು ದಿನ ಬಿಟ್ಟು ಶೇ 10ಕ್ಕೆ ಇಳಿಯಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಉರಿ ಎಂಬ ಎಚ್ಚರಿಕೆಯ ಗಂಟೆ ಕೇಳಿಸುವುದೇ ಇಲ್ಲ. ಅವರಿಗೆ ಮೇಲಿನ ಪ್ರಮಾಣಗಳು ವೈದ್ಯರ ಕಣ್ಣಳತೆಯಲ್ಲೇ ಇರಬೇಕು. ನಮ್ಮ ಅಡುಗೆಯಾಕೆಯ ಹಿಮ್ಮಡಿಯ ಅಂಚು ಬೆರಳಿಗೆ ಬಾಗತೊಡಗಿದ ಮೇಲೆ ಶೇ 25ರ ಕೆಲಸ ಮುಗಿಯಿತು. ನೆಲ ಅದೇ ಸಿಮೆಂಟಿನದಾದ್ದರಿಂದ ಶೇ 10ರದ್ದು ಮಾತ್ರ ಪ್ರತಿ ರಾತ್ರಿ ಮುಂದುವರಿಯಬೇಕಾಗುತ್ತದೆ.