ಜಾತ್ರೆಯ ಮೈಕಿನಲ್ಲಿ ಹೇಳಬೇಕಾದದ್ದು, ಹೇಳಬಾರದ್ದು

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ ಕೂಡುತ್ತದೆ. ಕನ್ನಡದವರೂ ಮರಾಠಿಯವರೂ ಸೇರುವ ಇಂಥ ಜಾತ್ರೆಗಳಲ್ಲಿ ಮೈಕಿನ ಮುಂದೆ ಕೂಡುವ ನಮ್ಮ ಸ್ವಯಂಸೇವಕರಿಗಾಗಿ ಈ ಟಿಪ್ಪಣಿ. ಪ್ರತಿ ಪ್ರಕಟಣೆಯನ್ನೂ ಎರಡೂ ಭಾಷೆಯಲ್ಲಿ ಎರಡೆರಡು ಸಲ ನಿಧಾನವಾಗಿ ಹೇಳಬೇಕು.

ಮಗು ಸಿಕ್ಕಾಗ: ಹೆಸರು, ಅಂಗಿಯ ಬಣ್ಣ ಹೇಳಿಬಿಟ್ಟರೆ ಅದನ್ನೇ ಕೇಳಿಕೊಂಡು ಬಂದು ಯಾರಾದರೂ ‘ನಮ್ಮ ಮಗು’ ಎನ್ನಬಹುದು. ಆದ್ದರಿಂದ ನಾವು ಹೇಳುವುದು ಇಷ್ಟೇ: “ಸುಮಾರು ಐದು ವರ್ಷದ ಮಗು ನಮ್ಮ ಬಳಿ ಕ್ಷೇಮವಾಗಿದೆ. ಪಾಲಕರು ಮೈಕಿನ ಮಂಟಪಕ್ಕೆ ಬರಬೇಕು.” ಬಂದವರು ಹೆಸರು, ಬಟ್ಟೆ, ಮೈಮೇಲಿನ ಗುರುತು ತಾವಾಗಿ ಹೇಳಲಿ; ಅಲ್ಲಿಯವರೆಗೆ ಮಗು ಅವರ ಕಣ್ಣಿಗೆ ಬೀಳಬಾರದು. ಹೇಳಿದ್ದು ತಾಳೆಯಾದ ಮೇಲೆ ಮಗು ಅವರನ್ನು ಕಂಡು ಹಿಂಜರಿಯುತ್ತದೆಯೇ ನೋಡಿ, ಪೊಲೀಸರ ಎದುರಿಗೆ ಸಹಿ ಪಡೆದು ಒಪ್ಪಿಸಬೇಕು. ಯಾರೂ ಬರದಿದ್ದರೆ 1098ಕ್ಕೆ ಫೋನ್ ಮಾಡಬೇಕು.

ಮಗು ಕಳೆದಾಗ: ಇಲ್ಲಿ ವಯಸ್ಸು, ಬಟ್ಟೆ, ಮಾತಾಡುವ ಭಾಷೆ, ಕೊನೆಗೆ ಕಂಡ ಜಾಗ ಹೇಳಲೇಬೇಕು. ಹೆಸರು ಮಾತ್ರ ಬೇಡ. ಹೆಸರು ಹಿಡಿದು ಕರೆದರೆ ಮಗು ಅಪರಿಚಿತರ ಹಿಂದೆಯೂ ಹೋದೀತು. ಪಾಲಕರಲ್ಲಿ ಒಬ್ಬರು ಮಂಟಪದಲ್ಲೇ ಕೂಡಬೇಕು. ಇಬ್ಬರೂ ಹುಡುಕಲು ಹೋದರೆ ಮಗು ಸಿಕ್ಕರೂ ಒಪ್ಪಿಸಿಕೊಳ್ಳುವವರು ಇರುವುದಿಲ್ಲ.

ವಾಹನ: ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಓದಿ, ಬಣ್ಣ ಮತ್ತು ನಿಂತ ಜಾಗ ಸೇರಿಸಬೇಕು. ಮಾಲೀಕರ ಹೆಸರು ಬೇಡ.

ವೇಳೆ ಬದಲಾದರೆ: “ಆರಕ್ಕಿದ್ದ ನಾಟಕ ಏಳೂವರೆಗೆ, ಅದೇ ವೇದಿಕೆಯಲ್ಲಿ” ಎಂದು ಹಳೆಯ ವೇಳೆ, ಹೊಸ ವೇಳೆ, ಜಾಗ ಮೂರನ್ನೂ ಹೇಳಬೇಕು. ‘ತಡವಾಗಲಿದೆ’ ಎಂದಷ್ಟೇ ಹೇಳಿದರೆ ಜನ ಮಂಟಪಕ್ಕೇ ಕೇಳಲು ಬರುತ್ತಾರೆ. ಆ ಗದ್ದಲದಲ್ಲಿ ಮಗು ಹುಡುಕಿ ಬಂದ ತಾಯಿಯ ಮಾತು ನಮಗೆ ಕೇಳಿಸುವುದಿಲ್ಲ.