ಆರು ವಾರದ ಗಡಿಯಾರ

ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳಲ್ಲಿ ಅಮೆರಿಕದಿಂದ ಮೊಮ್ಮಗು ಬಂತು ಅಂದ್ರೆ ಹಬ್ಬ. ಆದ್ರೆ ಅಲ್ಲಿರೋ ಅಪ್ಪನಿಗೆ ಅಥವಾ ಅಮ್ಮನಿಗೆ ಹೇಳದೆ ಮಗುವನ್ನ ಇಲ್ಲೇ ಉಳಿಸಿಕೊಂಡ್ರೆ, ಅದನ್ನೇ ಹೇಗ್ ಒಪ್ಪಂದ ಅಪಹರಣ ಅನ್ನುತ್ತೆ.

ಈ ಒಪ್ಪಂದ ಆಗಿದ್ದು 1980ರ ಅಕ್ಟೋಬರ್ 25ರಂದು. ಮಗು ಯಾರ ಹತ್ರ ಬೆಳೀಬೇಕು ಅನ್ನೋದನ್ನ ಅದು ತೀರ್ಮಾನಿಸಲ್ಲ. 16 ವರ್ಷದೊಳಗಿನ ಮಗುವನ್ನ ಅದು ಬೆಳೀತಿದ್ದ ದೇಶಕ್ಕೆ ಮೊದಲು ವಾಪಸ್ ಕಳಿಸಿ, ಆಮೇಲೆ ಅಲ್ಲಿನ ಕೋರ್ಟ್ ನೋಡಿಕೊಳ್ಳಲಿ ಅನ್ನುತ್ತೆ. ಅದಕ್ಕೆ ಪ್ರತಿ ದೇಶದಲ್ಲೂ ಒಂದು ಕೇಂದ್ರ ಪ್ರಾಧಿಕಾರ ಇರುತ್ತೆ. ಮಗುವನ್ನ ಹುಡುಕೋದು, ವಾಪಸಾತಿಗೆ ದಾರಿ ಮಾಡೋದು ಅದರ ಕೆಲಸ. ಆರು ವಾರದಲ್ಲಿ ತೀರ್ಮಾನ ಆಗದಿದ್ರೆ ಯಾಕೆ ತಡ ಅಂತ ಕೇಳಬಹುದು. ವರ್ಷ ಕಳೆದ ಮೇಲೆ ಅರ್ಜಿ ಬಂದ್ರೆ, ಮಗು ಹೊಸ ಜಾಗಕ್ಕೆ ಒಗ್ಗಿದೆ ಅಂತ ತೋರಿಸಿ ವಾಪಸಾತಿ ತಡೀಬಹುದು. ಮಗುವಿನ ವಿಷಯದಲ್ಲಿ ಕಾಲವೇ ಸಾಕ್ಷಿ ಆಗಿಬಿಡುತ್ತೆ.

ಭಾರತ ಈ ಒಪ್ಪಂದಕ್ಕೆ ಸೇರಿಲ್ಲ. ಹಾಗಾಗಿ ಇಲ್ಲಿ ಸಾಮಾನ್ಯವಾಗಿ ಉಳಿಯೋ ದಾರಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್. ಅಕ್ರಮ ಬಂಧನದಲ್ಲಿರೋ ವ್ಯಕ್ತಿಯನ್ನ ಕೋರ್ಟ್ ಮುಂದೆ ತರಿಸೋ ಅರ್ಜಿ ಅದು. ಒಂದು ಬೆಂಗಳೂರು ಪ್ರಕರಣ ನೋಡಿ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಒಂಬತ್ತು ವರ್ಷದ ಹುಡುಗನನ್ನ 2020ರ ಮಾರ್ಚಲ್ಲಿ ತಾಯಿ ಇಲ್ಲಿಗೆ ಕರೆತಂದರು. ಅದೇ ಅಕ್ಟೋಬರಲ್ಲಿ ವಾಷಿಂಗ್ಟನ್ ರಾಜ್ಯದ ಕೋರ್ಟ್ ವಾಪಸ್ ಕಳಿಸಲು ಹೇಳಿತು. ತಂದೆಯ ಅರ್ಜಿಯನ್ನ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. 2022ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿ, ಮಗುವಿನ ಇಷ್ಟ ಬೇರೆ, ಮಗುವಿನ ಹಿತ ಬೇರೆ ಅಂತ ಹೇಳಿ ವಾಪಸಾತಿಗೆ ಆದೇಶಿಸಿತು. ಅಷ್ಟರಲ್ಲಿ ಹುಡುಗನಿಗೆ ಹನ್ನೊಂದು.

ಹಾಗಾದ್ರೆ ಭಾರತ ಯಾಕೆ ಸೇರಲಿಲ್ಲ? 2009ರಲ್ಲೇ ಕಾನೂನು ಆಯೋಗ ಸೇರಿ ಅಂದಿತ್ತು. ವಿರೋಧಕ್ಕೂ ಕಾರಣ ಇದೆ. ಒಪ್ಪಂದ ಬರೆದವರ ಕಣ್ಣ ಮುಂದಿದ್ದದ್ದು ಬಹುಪಾಲು ಕಸ್ಟಡಿ ಸಿಗದೆ ಮಗುವನ್ನ ಎತ್ತಿಕೊಂಡು ಹೋಗೋ ತಂದೆ. ಮುಂದೆ ಬಂದ ಅರ್ಜಿಗಳಲ್ಲಿ ಮಗುವನ್ನ ಕರೆದೊಯ್ದವರು ಹೆಚ್ಚಾಗಿ ತಾಯಂದಿರೇ. ಹೊಡೆತ ತಾಳಲಾರದೆ ತವರಿಗೆ ಓಡಿ ಬಂದವಳೂ ಅವರಲ್ಲಿರಬಹುದು. ಮಗುವಿಗೆ ಗಂಭೀರ ಅಪಾಯ ಇದ್ರೆ ವಾಪಸ್ ಕಳಿಸಬೇಕಿಲ್ಲ ಅನ್ನೋ ವಿನಾಯಿತಿ ಒಪ್ಪಂದದಲ್ಲಿದೆ. ಆದ್ರೆ ತಾಯಿಗೆ ಬಿದ್ದ ಹೊಡೆತದ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಅದನ್ನ ಮಗುವಿನ ಅಪಾಯ ಅಂತ ಸಾಬೀತು ಮಾಡಬೇಕಾದವಳು ಅವಳೇ, ಅದೂ ಆರು ವಾರದಲ್ಲಿ ತೀರ್ಮಾನ ಆಗಲಿ ಅನ್ನೋ ಒತ್ತಡದ ನಡುವೆ.

ಒಪ್ಪಂದದೊಳಗೆ ಈ ತಾಯಿಗೆ ಸಾಕಷ್ಟು ಸಮಯ ಸಿಗದೇ ಹೋಗಬಹುದು. ಒಪ್ಪಂದದ ಹೊರಗೆ, ಆದೇಶ ಬರೋ ಹೊತ್ತಿಗೆ ಆ ಹುಡುಗನ ಎರಡು ವರ್ಷಕ್ಕೂ ಮೇಲೆ ಕಳೆದುಹೋಯ್ತು. ಸೇರಬೇಕಾ ಬೇಡವಾ ಅನ್ನೋ ಚರ್ಚೆಯಲ್ಲಿ ಈ ಎರಡು ಲೆಕ್ಕವನ್ನೂ ಒಟ್ಟಿಗೇ ಇಡಬೇಕು.